‘ಗ್ಯಾರಂಟಿ 6.5’ ಅಂತ ಐಇಎಲ್‌ಟಿಎಸ್ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಐಇಎಲ್‌ಟಿಎಸ್ ಅಂದರೆ ವಿದೇಶದ ಯೂನಿವರ್ಸಿಟಿಗಳು ಕೇಳುವ ಇಂಗ್ಲಿಷ್ ಪರೀಕ್ಷೆ. ಅದಕ್ಕೆ ನಮ್ಮ ಬಳ್ಳಾರಿಯ ಕೋಚಿಂಗ್ ಸೆಂಟರ್ ಒಂದರಲ್ಲಿ ನನಗೆ ಕೊಟ್ಟ ಭರವಸೆ ಇದು: ‘ಓವರಾಲ್ 6.5 ಬರದಿದ್ದರೆ ಫೀಸ್ ವಾಪಸ್.’ 6.5 ಬಂತು. ಆದರೆ ಅದರಿಂದ ಅಡ್ಮಿಷನ್ ಸಿಗಲಿಲ್ಲ. ಫೀಸೂ ವಾಪಸ್ ಬರಲಿಲ್ಲ.

ಅದು ಹೇಗೆ ಅಂತ ಹೇಳ್ತೀನಿ. ನನಗೆ ಲಿಸನಿಂಗ್‌ನಲ್ಲಿ 7, ರೀಡಿಂಗ್‌ನಲ್ಲಿ 6.5, ರೈಟಿಂಗ್‌ನಲ್ಲಿ 5.5, ಸ್ಪೀಕಿಂಗ್‌ನಲ್ಲಿ 6 ಬಂತು. ಕೂಡಿಸಿದರೆ 25, ನಾಲ್ಕರಿಂದ ಭಾಗಿಸಿದರೆ 6.25. ಸರಾಸರಿ .25ರಲ್ಲಿ ನಿಂತರೆ ಐಇಎಲ್‌ಟಿಎಸ್‌ನವರು ಮೇಲಿನ ಅರ್ಧಕ್ಕೆ ಏರಿಸುತ್ತಾರೆ. ಹಾಗಾಗಿ ಓವರಾಲ್ 6.5. ಆದರೆ ನಾನು ಅರ್ಜಿ ಹಾಕಿದ್ದ ಯೂನಿವರ್ಸಿಟಿ ಓವರಾಲ್ 6.5 ಜೊತೆಗೆ ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಅಂತ ಕೇಳಿತ್ತು. ಈ ಎರಡನೇ ಷರತ್ತು ತುಂಬಾ ಕಡೆ ಇರುತ್ತದೆ. ಸೆಂಟರ್‌ನ ಗ್ಯಾರಂಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹೋಗಿ ಕೇಳಿದರೆ ಸರ್ ನಗುತ್ತಲೇ ಹೇಳಿದರು: “ನೋಡಪ್ಪಾ, ನಾವು ಹೇಳಿದ್ದು ಬಂದಿದೆಯಲ್ಲ?”

ರೈಟಿಂಗ್ ಯಾಕೆ ಬಿತ್ತು ಅನ್ನೋದೇ ಮುಖ್ಯ. ಅಲ್ಲಿ ಕಲಿಸಿದ್ದು ಬರೆಯೋದನ್ನಲ್ಲ, ಬಾಯಿಪಾಠ. ಒಂದು ಜೆರಾಕ್ಸ್ ಹಾಳೆ ಕೊಟ್ಟಿದ್ದರು. ಶುರುವಿನ ಸಾಲು ‘ಇನ್ ದಿ ಮಾಡರ್ನ್ ಎರಾ, ಇಟ್ ಈಸ್ ಎ ಹೈಲಿ ಡಿಬೇಟೆಡ್ ಟಾಪಿಕ್’, ಕೊನೆಯ ಸಾಲು ‘ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್’. ನಡುವೆ ಖಾಲಿ ಜಾಗ, ಅಲ್ಲಿ ವಿಷಯದ ಹೆಸರು ತುಂಬಿದರೆ ಆಯ್ತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಆ ಹಾಳೆ ಸಿಕ್ಕರೆ ದೇವರು ಸಿಕ್ಕಂತೆ. ಇಂಗ್ಲಿಷಿನಲ್ಲಿ ಒಂದು ಪುಟ ತಡವರಿಸದೆ ಬರೆದಾಗ ಖುಷಿ ಆಗುತ್ತೆ ಅಲ್ವಾ?

ಈಗ ಇಂಥ ಪ್ರಶ್ನೆ ಬಂತು ಅಂತ ಇಟ್ಟುಕೊಳ್ಳಿ: ‘ಸರ್ಕಾರ ಹೊಸ ರಸ್ತೆಗಿಂತ ಬಸ್ಸು, ರೈಲಿಗೆ ಜಾಸ್ತಿ ದುಡ್ಡು ಹಾಕಬೇಕು. ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಇದು ನಿಮ್ಮ ನಿಲುವು ಕೇಳುತ್ತಿದೆ. ನಮ್ಮ ಹಾಳೆಯಲ್ಲಿ ಇದ್ದದ್ದು ಅನುಕೂಲ ಒಂದು ಪ್ಯಾರಾ, ಅನಾನುಕೂಲ ಒಂದು ಪ್ಯಾರಾ, ಕೊನೆಗೆ ‘ಎರಡೂ ಬೇಕು’. ಇಂಗ್ಲಿಷ್ ತಪ್ಪಿಲ್ಲದಿದ್ದರೂ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ರೈಟಿಂಗ್‌ನಲ್ಲಿ ನಾಲ್ಕು ಅಳತೆಗಳಿವೆ: ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ಮಾತು ಒಂದಕ್ಕೊಂದು ಹೊಂದುತ್ತದೆಯಾ, ಪದಗಳು, ವ್ಯಾಕರಣ. ನಾಲ್ಕಕ್ಕೂ ಸಮ ತೂಕ. ಹಾಳೆಯ ಉತ್ತರ ಮೊದಲನೆಯದರಲ್ಲೇ ಸೋಲುತ್ತದೆ. ಸಾಲದ್ದಕ್ಕೆ ರೈಟಿಂಗ್‌ನಲ್ಲಿ ಎರಡು ಟಾಸ್ಕ್ ಇರುತ್ತವೆ, ಕನಿಷ್ಠ 250 ಪದಗಳ ಈ ಎರಡನೇ ಟಾಸ್ಕ್‌ಗೆ ಮೊದಲ ಟಾಸ್ಕ್‌ನ ಎರಡರಷ್ಟು ತೂಕ. ಪೂರ್ತಿ ಬಾಯಿಪಾಠ ಅಂತ ಸಾಬೀತಾದ ಉತ್ತರಕ್ಕಂತೂ ಸೊನ್ನೆ ಅಂತ ಐಇಎಲ್‌ಟಿಎಸ್‌ನ ಮಾನದಂಡದಲ್ಲೇ ಇದೆ.

ನಿಮ್ಮ ಸೆಂಟರ್ ಹೀಗೇ ಮಾಡುತ್ತಿದೆಯಾ ಅಂತ ತಿಳಿಯೋದು ಸುಲಭ. ನೀವು ಬರೆದ ಬೇರೆ ಬೇರೆ ವಿಷಯದ ಎರಡು ಪ್ರಬಂಧಗಳನ್ನು ಪಕ್ಕಪಕ್ಕ ಇಡಿ. ಎರಡರಲ್ಲೂ ಹಾಗೇ ಉಳಿದಿರುವ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ನಾನು ಎಳೆದಾಗ ಸುಮಾರು ಅರ್ಧ ಪುಟ ಗೆರೆಯೇ ಆಯ್ತು. ಇನ್ನೊಂದು, ತಿದ್ದಿಕೊಟ್ಟ ಪೇಪರ್ ನೋಡಿ. ನನ್ನದರಲ್ಲಿ ಸ್ಪೆಲಿಂಗ್‌ಗೆ ಎರಡು ಸುತ್ತು, ಕೆಳಗೆ ‘ಗುಡ್, 7’. ಯಾವುದಕ್ಕೆ 7, ಯಾಕೆ 7, ಒಂದು ಅಕ್ಷರ ಇಲ್ಲ.

ಸ್ಪೀಕಿಂಗ್‌ಗೂ ಅದೇ ಮದ್ದು. ಹಂಪಿ ಬಗ್ಗೆ ಒಂದು ಭಾಷಣ ಉರು ಹೊಡೆಸಿದ್ದರು, ಮಾತಾಡಬೇಕಾದ ವಿಷಯ ಬರೆದು ಕೊಡುವ ಕ್ಯೂ ಕಾರ್ಡ್‌ನಲ್ಲಿ ಯಾವ ಜಾಗದ ಬಗ್ಗೆ ಕೇಳಿದರೂ ಅದನ್ನೇ ತಿರುಗಿಸಿ ಹೇಳಿ ಅಂತ. ಪರೀಕ್ಷೆಯಲ್ಲಿ ಅದನ್ನೇ ಹೇಳಿ ಎರಡು ನಿಮಿಷ ತುಂಬಿಸಿದೆ. ಮೂರನೇ ಭಾಗದಲ್ಲಿ ಎಕ್ಸಾಮಿನರ್ ಪ್ರವಾಸಿಗರಿಂದ ಊರಿನವರಿಗೆ ಆಗುವ ತೊಂದರೆ ಏನು ಅಂತ ಕೇಳಿದರು. ಅಷ್ಟು ಹೊತ್ತು ನುಣ್ಣಗೆ ಹರಿದ ಇಂಗ್ಲಿಷ್ ಅಲ್ಲಿಗೆ ನಿಂತಿತು. ಎದುರು ಕೂತವರಿಗೆ ಈ ವ್ಯತ್ಯಾಸ ಗೊತ್ತಾಗದೇ ಇರುತ್ತಾ?

ಆಮೇಲೆ ಹಾಳೆ ಬದಿಗಿಟ್ಟೆ. ಪ್ರಶ್ನೆ ಓದಿ ಮೊದಲು ನನ್ನ ಉತ್ತರವನ್ನು ಒಂದೇ ಸಾಲಿನಲ್ಲಿ ಬರೆಯುತ್ತಿದ್ದೆ: ಹೌದು, ಬಸ್ಸಿಗೇ ಜಾಸ್ತಿ ಹಾಕಬೇಕು. ಯಾಕೆ? ಸಿರುಗುಪ್ಪದಿಂದ ಬಳ್ಳಾರಿಗೆ ಕಾಲೇಜಿಗೆ ಬರುವ ಹುಡುಗಿಗೆ ರಸ್ತೆ ಅಗಲ ಆದರೆ ಏನು ಬಂತು, ಸಂಜೆ ಬಸ್ಸೇ ಇಲ್ಲದಿದ್ದರೆ? ಇದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬಿಡಿಸುತ್ತಿದ್ದೆ. ಸ್ವಂತ ಅನುಭವದ ಉದಾಹರಣೆ ಕೊಡಿ ಅಂತ ಪ್ರಶ್ನೆಪತ್ರಿಕೆಯೇ ಹೇಳುತ್ತೆ. ಭಾಷೆ ಸರಳವಾಯ್ತು, ಆದರೂ ರೈಟಿಂಗ್ ಅಂಕ 5.5ರಿಂದ 6.5ಕ್ಕೆ ಏರಿತು.

ಅದೂ ನಾಲ್ಕು ವಿಭಾಗ ಮತ್ತೆ ಬರೆಯದೆ. ಕಂಪ್ಯೂಟರ್‌ನಲ್ಲಿ ಪರೀಕ್ಷೆ ಕೊಟ್ಟವರಿಗೆ ‘ಒನ್ ಸ್ಕಿಲ್ ರೀಟೇಕ್’ ಅಂತ ಇದೆ. ಮೊದಲ ಪರೀಕ್ಷೆಯಿಂದ 60 ದಿನದ ಒಳಗೆ ಒಂದೇ ವಿಭಾಗ, ಒಂದೇ ಸಲ. ಪೂರ್ತಿ ಪರೀಕ್ಷೆಗಿಂತ ಖರ್ಚು ಕಡಿಮೆ. ಸೆಂಟರ್‌ನವರು ಇದನ್ನು ಬಾಯಿಬಿಡಲಿಲ್ಲ, ಹೊಸ ಬ್ಯಾಚ್‌ಗೆ ಸೇರು ಅಂದರು. ಆದರೆ ಎಲ್ಲ ಯೂನಿವರ್ಸಿಟಿಗಳೂ ರೀಟೇಕ್ ಅಂಕ ಒಪ್ಪುವುದಿಲ್ಲ. ನಿಮ್ಮ ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕಿ, ಲಿಖಿತ ಉತ್ತರ ಬಂದ ಮೇಲೇ ದುಡ್ಡು ಕಟ್ಟಿ.