ಹೊಸ ಪೂರೈಕೆದಾರರ ದಾಖಲೆಗಳನ್ನು ಕಂತುಕಂತಾಗಿ ಕೇಳಬೇಡಿ

ನಮ್ಮ ಲೆಕ್ಕಪತ್ರ ವಿಭಾಗದಿಂದ ಹೊಸ ಪೂರೈಕೆದಾರರೊಬ್ಬರಿಗೆ ಹೊರಟ ಮೊದಲ ಪಾವತಿಯೇ ವಂಚಕನ ಪಾಲಾಯಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ದಾಖಲೆ ಕೇಳಿದ ರೀತಿ.

ಖರೀದಿ ವಿಭಾಗದವರು ಮೊದಲು ತೆರಿಗೆ ನೋಂದಣಿ ಪತ್ರ ಕೇಳಿದರು. ಅದು ಬಂದ ಮೇಲೆ ವಿಳಾಸದ ಪುರಾವೆ ನೆನಪಾಯಿತು, ಆಮೇಲೆ ಬೇರೊಬ್ಬರು ಸಹಿ ಅಧಿಕಾರದ ಪತ್ರ ಬೇಕೆಂದರು. ಹೀಗೆ ಹಲವು ಕೈಗಳಿಂದ ಮೇಲ್‌ಗಳು ಹೋಗುತ್ತಿದ್ದಾಗ, ಪೂರೈಕೆದಾರರ ಮೇಲ್‌ಪೆಟ್ಟಿಗೆಯನ್ನು ಯಾರೋ ಕದ್ದು ಓದುತ್ತಿದ್ದರು. ಬ್ಯಾಂಕ್ ವಿವರವನ್ನು ನಾವು ಇನ್ನೂ ಕೇಳಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಒಂದೇ ಅಕ್ಷರ ಬೇರೆಯಿದ್ದ ವಿಳಾಸದಿಂದ, ಸಂಸ್ಥೆಯ ಲೆಟರ್‌ಹೆಡ್ ಮೇಲೆ ಖಾತೆ ಸಂಖ್ಯೆ ಟೈಪಿಸಿದ ಪುಟವೊಂದು ಬಂತು. ದಿನಕ್ಕೊಂದು ಕಾಗದ ಬರುವುದಕ್ಕೆ ಒಗ್ಗಿಹೋದವರಿಗೆ ಅದರಲ್ಲಿ ಅಸಹಜವೇನೂ ಕಾಣಲಿಲ್ಲ.

ಲೆಟರ್‌ಹೆಡ್ ಪುರಾವೆಯಲ್ಲ. ಅದನ್ನು ಯಾರು ಬೇಕಾದರೂ ಮುದ್ರಿಸಬಹುದು. ಅನೇಕ ಕಡೆ ಬ್ಯಾಂಕ್ ವರ್ಗಾವಣೆ ನಡೆಯುವುದು ಖಾತೆ ಸಂಖ್ಯೆಯ ಮೇಲೆ, ಹೆಸರು ತಾಳೆಯಾಗದಿದ್ದರೂ ಹಣ ಹೋಗಿಬಿಡುತ್ತದೆ. ಬಾಕಿ ಹಣವೆಲ್ಲಿ ಎಂದು ಪೂರೈಕೆದಾರರು ಕೇಳುವ ಹೊತ್ತಿಗೆ ಆ ಖಾತೆ ಬರಿದಾಗಿತ್ತು.

ಈಗ ಒಬ್ಬರೇ, ಒಂದೇ ಮೇಲ್‌ನಲ್ಲಿ ಪೂರ್ತಿ ಪಟ್ಟಿ ಕಳುಹಿಸುತ್ತಾರೆ. ದಾಖಲೆಯ ಹೆಸರಷ್ಟೇ ಬರೆದರೆ ಸಾಲದು, ಅದರಲ್ಲಿ ಏನು ಕಾಣಬೇಕು ಎಂಬುದನ್ನೂ ಬರೆಯಬೇಕು. ನಮ್ಮ ಮೇಲ್‌ನ ಮುಖ್ಯ ಭಾಗ ಹೀಗಿದೆ:

"೧. ತೆರಿಗೆ ನೋಂದಣಿ ಪ್ರಮಾಣಪತ್ರ: ಕಾನೂನುಬದ್ಧ ಹೆಸರು, ಸಂಖ್ಯೆ, ವಿಳಾಸ ಕಾಣುವ ಎಲ್ಲ ಪುಟಗಳು.
೨. ಬ್ಯಾಂಕ್ ಪುರಾವೆ: ರದ್ದುಪಡಿಸಿದ ಚೆಕ್ ಅಥವಾ ಬ್ಯಾಂಕ್ ನೀಡಿದ ಪತ್ರ. ಖಾತೆದಾರರ ಹೆಸರು ಮುದ್ರಿತವಾಗಿರಬೇಕು.
೩. ಸಂಸ್ಥೆಯ ನೋಂದಣಿ ಪತ್ರ.
೪. ಸಹಿ ಮಾಡುವವರ ಅಧಿಕಾರ ಪತ್ರ.
ಎಲ್ಲವನ್ನೂ ಇದೇ ಮೇಲ್‌ಗೆ ಉತ್ತರವಾಗಿ, ಒಟ್ಟಿಗೆ ಕಳುಹಿಸಿ. ಗುಪ್ತಪದ ಅಥವಾ ಒಟಿಪಿಯನ್ನು ನಾವು ಕೇಳುವುದಿಲ್ಲ. ಖಾತೆ ಬದಲಾವಣೆಯನ್ನು ಮೇಲ್ ಮಾತ್ರದಿಂದ ಒಪ್ಪುವುದಿಲ್ಲ."

ಕೊನೆಯ ಸಾಲಿಗೆ ಬೆಲೆ ಬರುವುದು ನಾವು ಫೋನ್ ಮಾಡಿದಾಗ. ಪಾವತಿಗೆ ಮುನ್ನ ಖಾತೆ ಸಂಖ್ಯೆಯನ್ನು ಮಾತಿನಲ್ಲಿ ಖಚಿತಪಡಿಸಿಕೊಳ್ಳುತ್ತೇವೆ. ಕರೆ ಮಾಡುವುದು ಒಪ್ಪಂದದ ಮಾತುಕತೆಯಲ್ಲಿ ಸಿಕ್ಕ ಸಂಖ್ಯೆಗೆ. ಮೇಲ್‌ನ ಅಡಿಯಲ್ಲಿರುವ ಸಂಖ್ಯೆಗೆ ಕರೆ ಮಾಡಿದರೆ ವಂಚಕನೇ ಎತ್ತಿ "ಹೌದು, ಸರಿಯಾಗಿದೆ" ಎನ್ನುತ್ತಾನೆ!

ಎಲ್ಲ ದಾಖಲೆಗಳು ಒಟ್ಟಿಗೆ ಬಂದರೆ ತಾಳೆ ನೋಡುವುದೂ ಸುಲಭ. ತೆರಿಗೆ ಪತ್ರದ ಹೆಸರು ಮತ್ತು ಖಾತೆದಾರರ ಹೆಸರು ಅಕ್ಕಪಕ್ಕದಲ್ಲೇ ಇರುತ್ತವೆ. ಆದರೆ ಹೆಸರು ಬೇರೆಯಿದ್ದ ಮಾತ್ರಕ್ಕೆ ಮೋಸವೆಂದು ಕೂಗಬೇಡಿ. ಒಬ್ಬನೇ ಮಾಲೀಕನಿರುವ ಸಂಸ್ಥೆಗೆ ವ್ಯಾಪಾರದ ಹೆಸರು ಒಂದಿದ್ದು, ಖಾತೆ ಮಾಲೀಕನ ಹೆಸರಿನಲ್ಲಿರುವುದುಂಟು. ಅಂಥಲ್ಲಿ ಎರಡೂ ಹೆಸರುಗಳನ್ನು ಜೋಡಿಸುವ ಅಧಿಕೃತ ದಾಖಲೆಯೊಂದನ್ನು ಕೇಳಿ ಪಡೆಯುತ್ತೇವೆ. ಅದು ಬರುವವರೆಗೆ ಪಾವತಿ ನಿಂತಿರುತ್ತದೆ.