80-20 ಅಂತ ಹೇಳಿ 60-40 ಕೊಟ್ಟರು: ಕಾಫಿ ಪುಡಿ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

ಬಿಡಿ ಕಾಫಿ ಪುಡಿ ತರುವವರು ಮನೆಯಲ್ಲಿರುವ ಬಿಲ್ ಒಮ್ಮೆ ತೆಗೆದು ನೋಡಿ. ಅದರಲ್ಲಿ ‘ಕಾಫಿ ಪುಡಿ, 1 ಕೆಜಿ’ ಅಂತಷ್ಟೇ ಇದ್ದರೆ, ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಕೇಳಲು ನಿಮ್ಮ ಕೈಯಲ್ಲಿ ಯಾವ ಆಧಾರವೂ ಇಲ್ಲ. ನಮ್ಮ ಮನೆಗೆ ಪುಡಿ ಬರುತ್ತಿದ್ದ ಅಂಗಡಿ ಇದೇ ಸಂದಿಯಲ್ಲಿ ಆಟ ಆಡಿತು. ಅಂಗಡಿಯ ಹೆಸರು ಬೇಡ. ಆದರೆ ಹೇಗೆ ಮಾಡಿದರು, ಹೇಗೆ ಗೊತ್ತಾಯಿತು ಅನ್ನುವುದನ್ನು ಹೇಳುತ್ತೇನೆ.

ಮೊದಲಿನಿಂದಲೂ ನಮ್ಮದು 80-20. ಅಂದರೆ ಕಿಲೋದಲ್ಲಿ 800 ಗ್ರಾಂ ಕಾಫಿ, 200 ಗ್ರಾಂ ಚಿಕೋರಿ. ಕಾಫಿ ಬೀಜದ ಬೆಲೆ ಹೋದ ಎರಡು ಮೂರು ವರ್ಷಗಳಲ್ಲಿ ಹೇಗೆ ಏರಿತು ಅಂತ ಎಲ್ಲರಿಗೂ ಗೊತ್ತು. 2024ರಲ್ಲಿ ರೋಬಸ್ಟಾ ದಾಖಲೆ ಮುಟ್ಟಿತು, 2025ರ ಫೆಬ್ರವರಿಯಲ್ಲಿ ಅರೇಬಿಕಾ ದಾಖಲೆ ಮುಟ್ಟಿತು. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ನಮ್ಮ ಚಿಕ್ಕಮಗಳೂರು, ಕೊಡಗಿನ ಬೀಜಕ್ಕೂ ಅದೇ ದರ. ಎಲ್ಲ ಅಂಗಡಿಗಳೂ ಬೋರ್ಡಿನ ಮೇಲಿನ ರೇಟು ಬದಲಾಯಿಸಿದವು. ನಮ್ಮ ಅಂಗಡಿ ಮಾತ್ರ ಹೆಚ್ಚು ಏರಿಸಲಿಲ್ಲ. ಬೇರೆ ಕಡೆ 80-20ಕ್ಕೆ ಕಿಲೋಗೆ 770 ಹತ್ತಿರ ಇದ್ದಾಗ ಇಲ್ಲಿ 720. ‘ಹಳೇ ಗಿರಾಕಿಗಳಿಗೆ ಮಾತ್ರ ಸಾರ್’ ಅಂತ ಬೇರೆ ಹೇಳುತ್ತಿದ್ದರು.

ವ್ಯತ್ಯಾಸ ಮೊದಲು ಅಮ್ಮನ ಕಣ್ಣಿಗೆ ಬಿತ್ತು. ಡಿಕಾಕ್ಷನ್ ಇಳಿಯುವುದು ನಿಧಾನವಾಗಿತ್ತು. ಬಣ್ಣ ಮಾತ್ರ ಮೊದಲಿಗಿಂತ ಗಾಢ. ಹಾಲು ಬೆರೆಸಿದರೆ ನೋಡಲು ಚೆನ್ನಾಗಿಯೇ ಕಾಣುತ್ತಿತ್ತು, ಘಮ ಇರಲಿಲ್ಲ. ಡಬ್ಬಿಯಲ್ಲಿದ್ದ ಪುಡಿ ಗಂಟು ಕಟ್ಟುತ್ತಿತ್ತು. ‘ಕುಡಿದ ಹಾಗೇ ಆಗಲ್ಲ ಕಣೋ’ ಅಂತ ಅಮ್ಮ ಫಿಲ್ಟರಿಗೆ ಇನ್ನೊಂದು ಚಮಚ ಪುಡಿ ಜಾಸ್ತಿ ಹಾಕಲು ಶುರು ಮಾಡಿದರು. ತಿಂಗಳಿಗೆ ಬರುತ್ತಿದ್ದ ಪುಡಿ ತಿಂಗಳ ಕೊನೆಗೆ ಮುಂಚೆಯೇ ಖಾಲಿ.

ಇವೆಲ್ಲ ಚಿಕೋರಿಯ ಗುಣಗಳೇ. ಚಿಕೋರಿ ಅಂದರೆ ಒಂದು ಗಿಡದ ಬೇರು. ಗುಜರಾತಿನ ಜಾಮ್‌ನಗರದ ಕಡೆ, ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಒಣಗಿಸಿ, ಹುರಿದು, ಪುಡಿ ಮಾಡಿದ ಆ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರಿನಲ್ಲಿ ಕರಗಿಬಿಡುತ್ತದೆ. ಕಾಫಿಯಲ್ಲಿ ಕರಗುವುದು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಅಷ್ಟೇ. ಹಾಗಾಗಿ ಚಿಕೋರಿ ಜಾಸ್ತಿಯಾದಷ್ಟೂ ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ ಬರುತ್ತದೆ. ಬಣ್ಣ ನೋಡಿ ‘ಒಳ್ಳೇ ಸ್ಟ್ರಾಂಗ್ ಪುಡಿ’ ಅಂದುಕೊಳ್ಳುತ್ತೇವೆ. ಆದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅದು ಗಾಳಿಯ ತೇವವನ್ನೂ ಬೇಗ ಎಳೆದುಕೊಳ್ಳುತ್ತದೆ, ಗಂಟು ಕಟ್ಟುವುದು ಅದಕ್ಕೇ.

ಚಿಕೋರಿ ಹಾಕುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ನನಗೆ ಅದರ ರುಚಿ ಇಷ್ಟ, ಒಂದು ಚೂರೂ ಇಲ್ಲದ ಕಾಫಿ ನಮ್ಮ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಕಾನೂನಿನಲ್ಲೂ ಅವಕಾಶ ಇದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಭಾಗ ಕಾಫಿ ಇರಬೇಕು, ಪ್ಯಾಕೆಟ್ ಮೇಲೆ ಎರಡರ ಪ್ರಮಾಣವನ್ನೂ ಬರೆಯಬೇಕು. ಇಷ್ಟು ಪಾಲಿಸಿದರೆ 60-40 ಕೂಡ ಸರಿಯಾದ ಸರಕೇ. 60-40 ಕೊಟ್ಟು 80-20ರ ದುಡ್ಡು ತೆಗೆದುಕೊಳ್ಳುವುದು ಮೋಸ.

ಸಂಶಯ ಬಂದ ಮೇಲೆ ಮೊದಲು ಎಲ್ಲರೂ ಮಾಡುವ ನೀರಿನ ಪರೀಕ್ಷೆ ಮಾಡಿದೆ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಅರ್ಧ ಚಮಚ ಪುಡಿ ಉದುರಿಸುವುದು. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಕಂದು ಬಣ್ಣದ ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ. ಆದರೆ ಈ ಪರೀಕ್ಷೆಯಿಂದ ಗೊತ್ತಾಗುವುದು ಚಿಕೋರಿ ಇದೆಯೋ ಇಲ್ಲವೋ ಎಂದು ಮಾತ್ರ. ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ತುಂಬಾ ನುಣ್ಣಗೆ ಬೀಸಿದ ಅಪ್ಪಟ ಕಾಫಿಯೂ ಮುಳುಗುತ್ತದೆ. ಹಾಗಾಗಿ ಇದೊಂದನ್ನೇ ನಂಬಿ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ನನಗೆ ಕೆಲಸಕ್ಕೆ ಬಂದದ್ದು ಪಕ್ಕದಲ್ಲಿಟ್ಟು ಹೋಲಿಸುವ ಉಪಾಯ. ಬೇರೆ ಅಂಗಡಿಯಿಂದ ಚಿಕೋರಿ ಇಲ್ಲದ ಕಾಫಿ ಪುಡಿ 100 ಗ್ರಾಂ, ಬರೀ ಚಿಕೋರಿ 50 ಗ್ರಾಂ ತಂದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ 16 ಗ್ರಾಂ ಕಾಫಿಗೆ 4 ಗ್ರಾಂ ಚಿಕೋರಿ ಬೆರೆಸಿದರೆ 80-20 ಆಯಿತು. 12 ಗ್ರಾಂ ಕಾಫಿಗೆ 8 ಗ್ರಾಂ ಬೆರೆಸಿದರೆ 60-40. ಮೂರು ಲೋಟ ನೀರು, ಒಂದೊಂದಕ್ಕೂ ಅರ್ಧ ಚಮಚ. ನಮ್ಮ ಡಬ್ಬಿಯ ಪುಡಿ ಬಣ್ಣ ಬಿಟ್ಟ ವೇಗ 60-40ರ ಲೋಟದ ಹಾಗೇ ಇತ್ತು, 80-20ರ ಹತ್ತಿರವೂ ಬರಲಿಲ್ಲ. ಆಮೇಲೆ ಒಂದೇ ಫಿಲ್ಟರಿನಲ್ಲಿ ಒಂದಾದ ಮೇಲೊಂದು ಡಿಕಾಕ್ಷನ್ ಇಳಿಸಿದೆ, ಅಷ್ಟೇ ಪುಡಿ, ಅಷ್ಟೇ ನೀರು. ಇಳಿಯುವ ನಿಧಾನವೂ, ರುಚಿಯೂ 60-40ಕ್ಕೇ ಹೊಂದಿತು. ಬೀಜ ಬೇರೆ, ಬೀಸಿದ ಹದ ಬೇರೆ ಆದ್ದರಿಂದ ಇದು ಲ್ಯಾಬಿನ ಲೆಕ್ಕ ಅಲ್ಲ. ಆದರೂ ಅಂಗಡಿಗೆ ಹೋಗಿ ಕೇಳಲು ಇಷ್ಟು ಸಾಕಾಯಿತು.

ಅವರು ವಾದ ಮಾಡಲೂ ಇಲ್ಲ. ‘ಬೀಜದ ರೇಟು ನೋಡಿದೀರಲ್ಲ ಸಾರ್, ಈಗ ಎಲ್ಲರಿಗೂ 60-40 ಹಾಕ್ತಿರೋದು. ರೇಟು ಏರಿಸಿದ್ರೆ ನೀವೇ ಬರಲ್ಲ’ ಅಂದರು. ‘ಹಾಗಾದ್ರೆ 80-20 ಅಂತ ಯಾಕ್ರೀ ಹೇಳಿದ್ರಿ?’ ಅಂದರೆ, ಬಿಲ್‌ನಲ್ಲಿ ಹಾಗೆ ಎಲ್ಲಿ ಬರೆದಿದೆ ಎಂಬ ಪ್ರಶ್ನೆ ಬಂತು. ಬರೆದಿರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು, ದುಡ್ಡೂ ವಾಪಸ್ ಬರಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಕಿಲೋಗೆ 50 ರೂಪಾಯಿ ಉಳಿಯಿತು ಅಂತ ನಾವು ಅಂದುಕೊಂಡಿದ್ದು ಎಷ್ಟು ಸುಳ್ಳು ಅನ್ನುವುದು ಇಲ್ಲಿದೆ. ಬೇರೆ ಅಂಗಡಿಯಲ್ಲಿ ನಾನು ಕೊಟ್ಟ ದರ ಹೀಗಿತ್ತು: ಬರೀ ಕಾಫಿ ಕಿಲೋಗೆ 900, ಬರೀ ಚಿಕೋರಿ ಕಿಲೋಗೆ 240. ನಿಮ್ಮ ಊರಿನಲ್ಲಿ ಬೇರೆ ಇರಬಹುದು, ಆ ಅಂಕಿ ಹಾಕಿಕೊಳ್ಳಿ. 80-20 ಬೇಕು ಅಂದರೆ 800 ಗ್ರಾಂ ಕಾಫಿಗೆ 720, 200 ಗ್ರಾಂ ಚಿಕೋರಿಗೆ 48, ಒಟ್ಟು 768. ಅದೇ 60-40 ಆದರೆ ಕಾಫಿಗೆ 540, ಚಿಕೋರಿಗೆ 96, ಒಟ್ಟು 636. ನಮಗೆ ಸಿಕ್ಕಿದ್ದು 60-40, ಕೊಟ್ಟಿದ್ದು 720. ಕಿಲೋಗೆ 84 ರೂಪಾಯಿ ಜಾಸ್ತಿ.

ಇದನ್ನೇ ತಿರುಗಿಸಿದರೆ ಯಾವ ಪುಡಿಯನ್ನಾದರೂ ಅಳೆಯಬಹುದು. ಪುಡಿಯ ಕಿಲೋ ಬೆಲೆಯಿಂದ ಅದರಲ್ಲಿರುವ ಚಿಕೋರಿಯ ಬೆಲೆ ಕಳೆಯಿರಿ. ಉಳಿದದ್ದನ್ನು ಕಾಫಿಯ ಪಾಲಿನಿಂದ ಭಾಗಿಸಿ. ನಮ್ಮ ಪುಡಿಯಲ್ಲಿ 720ರಿಂದ 96 ಕಳೆದರೆ 624. ಅದನ್ನು 0.6ರಿಂದ ಭಾಗಿಸಿದರೆ 1,040. ಅಂದರೆ ‘ಅಗ್ಗದ’ ಅಂಗಡಿಯಲ್ಲಿ ನಾವು ಕಾಫಿಗೆ ಕಿಲೋಗೆ 1,040 ಕೊಟ್ಟಿದ್ದೆವು, ‘ದುಬಾರಿ’ ಅಂಗಡಿಯಲ್ಲಿ ಅದು 900.

ಕಪ್ಪಿನ ಲೆಕ್ಕ ಇನ್ನೂ ಚೆನ್ನಾಗಿ ಕಣ್ಣು ತೆರೆಸುತ್ತದೆ. ಚಮಚದ ಅಳತೆ ಬೇಡ. ಕೆಲವರ ಚಮಚದಲ್ಲಿ ಗೋಪುರವೇ ಇರುತ್ತದೆ. ತಕ್ಕಡಿಯಲ್ಲಿ ತೂಗಿ. ನಮ್ಮಲ್ಲಿ ಮೂರು ಕಪ್ಪಿಗೆ 21 ಗ್ರಾಂ ಪುಡಿ, 120 ಎಂಎಲ್ ಕುದಿಯುವ ನೀರು. ಚರಟ ತನ್ನ ತೂಕದ ಸುಮಾರು ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಳಗೆ ಇಳಿಯುವುದು 80 ಎಂಎಲ್ ಹತ್ತಿರ. ಕಪ್ಪಿಗೆ 7 ಗ್ರಾಂ ಪುಡಿ ಅಂತಾಯಿತು. 768ರ ನಿಜವಾದ 80-20ರಲ್ಲಿ ಅದಕ್ಕೆ 5 ರೂಪಾಯಿ 40 ಪೈಸೆ, ಒಳಗಿರುವ ಕಾಫಿ 5.6 ಗ್ರಾಂ. ನಮ್ಮ 720ರ ಪುಡಿಯಲ್ಲಿ 5 ರೂಪಾಯಿ 4 ಪೈಸೆ, ಒಳಗಿರುವ ಕಾಫಿ 4.2 ಗ್ರಾಂ ಮಾತ್ರ. ಮೊದಲಿನಷ್ಟೇ ಕಾಫಿ ಕಪ್ಪಿಗೆ ಬೀಳಬೇಕಾದರೆ 7ರ ಬದಲು 9.3 ಗ್ರಾಂ ಪುಡಿ ಬೇಕು, ಕಪ್ಪಿಗೆ 6 ರೂಪಾಯಿ 70 ಪೈಸೆ. ಅಮ್ಮ ಇನ್ನೊಂದು ಚಮಚ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಕಿಲೋಗೆ 143 ಕಪ್ ಬರಬೇಕಾದ ಪುಡಿ 107 ಕಪ್ಪಿಗೇ ಮುಗಿಯುತ್ತಿತ್ತು. ಅಷ್ಟಾದರೂ ರುಚಿ ಸರಿಹೋಗಲಿಲ್ಲ, ಯಾಕೆಂದರೆ ಹೆಚ್ಚು ಪುಡಿಯ ಜೊತೆ ಹೆಚ್ಚು ಚಿಕೋರಿಯೂ ಬೀಳುತ್ತದೆ.

ಹಾಲು, ಸಕ್ಕರೆ ಇದಕ್ಕೆ ಹೊರತು. ಹಾಲು ಲೀಟರಿಗೆ 48 ಅಂತ ಹಿಡಿದರೆ 90 ಎಂಎಲ್‌ಗೆ 4 ರೂಪಾಯಿ 30 ಪೈಸೆ. ಸಕ್ಕರೆ ನಲವತ್ತು ಪೈಸೆಯೂ ಆಗುವುದಿಲ್ಲ. ಮನೆಯ ಕಪ್ 10 ರೂಪಾಯಿ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪುಡಿಯದ್ದೇ.

ಪ್ಯಾಕೆಟ್ ಪುಡಿಯವರು ಬಚಾವ್ ಅಂತಲೂ ಇಲ್ಲ. ಅಲ್ಲಿ ಪ್ರಮಾಣ ಬರೆದಿರುತ್ತದೆ, ಆದರೆ ಬೆಲೆ ಪುಡಿಯ ಒಟ್ಟು ತೂಕಕ್ಕೆ. ಮೊನ್ನೆ ನೋಡಿದ ಒಂದು 200 ಗ್ರಾಂ ಪ್ಯಾಕೆಟ್ ಮೇಲೆ ‘ಪ್ರೀಮಿಯಂ’ ಅಂತ ದೊಡ್ಡದಾಗಿ, 60-40 ಅಂತ ಹಿಂದೆ ಸಣ್ಣದಾಗಿ ಇತ್ತು. ಬೆಲೆ 170. ಕಿಲೋಗೆ 850 ಆಯಿತು. 96 ಕಳೆದು 0.6ರಿಂದ ಭಾಗಿಸಿದರೆ ಕಾಫಿಗೆ 1,257 ರೂಪಾಯಿ ಬೀಳುತ್ತದೆ. ಒಳಗೆ ಒಳ್ಳೆಯ ಪೀಬೆರಿಯೋ ಪ್ಲಾಂಟೇಶನ್ ಎ ಅರೇಬಿಕಾವೋ ಇದ್ದರೆ ಕೊಡಬಹುದೇನೋ. ಆದರೆ ಅಂಥದ್ದೇನೂ ಆ ಪ್ಯಾಕೆಟ್ ಮೇಲೆ ಬರೆದಿರಲಿಲ್ಲ.

ಈ ಲೆಕ್ಕದ ಕೊರತೆಯೂ ಇದೇ. ಕಾಫಿಯ ಕಿಲೋ ಬೆಲೆ ಎಷ್ಟು ಬಿತ್ತು ಅಂತ ಅದು ಹೇಳುತ್ತದೆ, ಬೀಜ ಯಾವುದು ಅಂತ ಹೇಳುವುದಿಲ್ಲ. ರೋಬಸ್ಟಾ ಜಾಸ್ತಿ ಇರುವ 80-20, ಪೀಬೆರಿಯ 60-40ಗಿಂತ ಅಗ್ಗ ಇರಬಹುದು, ಅದರಲ್ಲಿ ಮೋಸ ಇಲ್ಲ. ಹಾಗಾಗಿ ಹೋಲಿಸುವಾಗ ಅದೇ ಬೀಜದ ಅಪ್ಪಟ ಪುಡಿಯ ಬೆಲೆ ಎಷ್ಟು ಅಂತ ಅದೇ ಅಂಗಡಿಯಲ್ಲಿ ಕೇಳಿ. ಮಿಶ್ರಣದಿಂದ ಲೆಕ್ಕ ಹಾಕಿದ ಕಾಫಿಯ ಬೆಲೆ ಅದಕ್ಕಿಂತ ತೀರಾ ಕಡಿಮೆ ಬಂದರೆ, ಹೇಳಿದ ಬೀಜ ಇಲ್ಲ ಅಥವಾ ಹೇಳಿದಷ್ಟು ಕಾಫಿ ಇಲ್ಲ. ನಮ್ಮ ಪುಡಿ ಹೇಳಿದಂತೆ 80-20 ಆಗಿದ್ದರೆ ಕಾಫಿ 840 ಬೀಳಬೇಕಿತ್ತು, ಊರೆಲ್ಲ 900 ಇದ್ದಾಗ.

ಈಗ ನಾವು ಕಾಫಿಯನ್ನೂ ಚಿಕೋರಿಯನ್ನೂ ಬೇರೆ ಬೇರೆ ಕಟ್ಟಿಸಿ ತರುತ್ತೇವೆ. ಬೀಜವನ್ನು ಕಣ್ಣೆದುರೇ ಬೀಸಿಕೊಡುವ ಅಂಗಡಿಯವರು ಇದಕ್ಕೆ ಇಲ್ಲ ಅನ್ನುವುದಿಲ್ಲ. ಮನೆಯಲ್ಲಿ ವಾರಕ್ಕೆ ಬೇಕಾದಷ್ಟು ಮಾತ್ರ ತೂಗಿ ಬೆರೆಸಿಕೊಂಡರೆ ಆಯಿತು. ಬೆರೆಸಿದ್ದೇ ಬೇಕು ಅನ್ನುವವರು ಬಿಲ್ ಮೇಲೆ ಪ್ರಮಾಣ ಬರೆಸಿಕೊಳ್ಳಿ. ‘ಅದೆಲ್ಲ ಬರೆಯಲ್ಲ’ ಅಂದರೆ ಪುಡಿ ಅಲ್ಲೇ ಬಿಟ್ಟು ಬನ್ನಿ.