ಎರಡು ವರ್ಷ ಬಳಸಿದ ವರ್ಣಮಾಲೆ ಚಾರ್ಟ್: ಧಾರವಾಡದ ಮಕ್ಕಳಿಗೆ ಎಷ್ಟು ಹೊಂದುತ್ತದೆ?

ಧಾರವಾಡದ ಸುಭಾಸ ರಸ್ತೆಯ ಒಂದು ಅಂಗಡಿಯಿಂದ ಈ ಚಾರ್ಟ್ ತಂದು ಎರಡು ವರ್ಷ ಆಯಿತು. ಮಗಳು ಇದರ ಮುಂದೆಯೇ ಅಕ್ಷರ ಕಲಿತಳು, ಈಗ ಅವಳ ತಮ್ಮನ ಸರದಿ. 20 ಇಂಚು ಅಗಲ, 30 ಇಂಚು ಎತ್ತರದ ಲ್ಯಾಮಿನೇಟ್ ಮಾಡಿದ ಹಾಳೆ. ಸಾಲಿಗೆ ಐದು ಮನೆ, ಒಟ್ಟು ಹತ್ತು ಸಾಲು.

ಮೊದಲು ಚಿತ್ರಗಳ ಮಾತು. ನಮ್ಮ ಕಡೆಯವರು ಚಾರ್ಟ್ ಕೊಳ್ಳುವಾಗ ನೋಡಬೇಕಾದದ್ದೇ ಅದು. ಮುಂಚೆ ಮನೆಯಲ್ಲಿದ್ದ ಬೇರೆ ಚಾರ್ಟಿನಲ್ಲಿ ‘ಈ’ಗೆ ಈರುಳ್ಳಿ, ‘ಹ’ಕ್ಕೆ ಹಸು, ‘ಧ’ಕ್ಕೆ ಧ್ವಜ ಇದ್ದವು. ಮಗಳು ಈರುಳ್ಳಿ ತೋರಿಸಿ ‘ಉಳ್ಳಾಗಡ್ಡಿ’ ಅನ್ನುತ್ತಿದ್ದಳು, ಹಸು ತೋರಿಸಿ ‘ಆಕಳ’, ಧ್ವಜ ತೋರಿಸಿ ‘ಝಂಡಾ’. ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತೇವಲ್ಲ! ಹೀಗಾಗಿ ‘ಈ’ ನೋಡಿ ‘ಉ’ ಓದುವುದು, ‘ಹ’ ನೋಡಿ ‘ಆ’ ಓದುವುದು ಶುರುವಾಯಿತು. ಚಿತ್ರ ಕಂಡ ಕೂಡಲೇ ಮಗುವಿನ ಬಾಯಿಗೆ ಬರುವ ಹೆಸರು ಆ ಅಕ್ಷರದಿಂದ ಶುರುವಾಗದಿದ್ದರೆ ಆ ಚಿತ್ರ ಇದ್ದೂ ಉಪಯೋಗವಿಲ್ಲ.

ಈ ಚಾರ್ಟಿನಲ್ಲಿ ‘ಈ’ಗೆ ಈಜುವ ಹುಡುಗ ಇದ್ದಾನೆ. ಮಗಳು ‘ಈಸಾಕತ್ತಾನ’ ಅಂದಳು. ಈಜು ಅಂದರೂ ಈಸು ಅಂದರೂ ಅಕ್ಷರ ಅದೇ, ಅಲ್ವಾ? ‘ಹ’ಕ್ಕೆ ಹಲ್ಲು, ‘ಲ’ಕ್ಕೆ ಲಟ್ಟಣಿಗೆ. ದಿನಾ ರೊಟ್ಟಿ, ಚಪಾತಿ ಮಾಡುವ ಮನೆಯಲ್ಲಿ ಲಟ್ಟಣಿಗೆ ಗೊತ್ತಿಲ್ಲದ ಮಗು ಇಲ್ಲ. ‘ಣ’ ಮತ್ತು ‘ಳ’ದಿಂದ ಶುರುವಾಗುವ ಪದ ಮಕ್ಕಳಿಗೆ ಸಿಗುವುದಿಲ್ಲ. ಅದಕ್ಕೆ ಬಾಣ, ಗಾಳ ಹಾಕಿ ಆ ಒಂದು ಅಕ್ಷರವನ್ನು ಮಾತ್ರ ಕೆಂಪಾಗಿ ಬರೆದಿದ್ದಾರೆ. ಙ, ಞ ಮನೆಗಳಲ್ಲಿ ಚಿತ್ರವೇ ಇಲ್ಲ. ಅಲ್ಲಿ ಏನನ್ನೋ ಸುಮ್ನೆ ತುರುಕದೇ ಇದ್ದದ್ದು ನನಗೆ ಬಹಳ ಹಿಡಿಸಿತು.

ಆದರೆ ‘ಮ’ಕ್ಕೆ ಇಲ್ಲೂ ಮರವೇ ಇದೆ. ನಮ್ಮ ಮಕ್ಕಳಿಗೆ ಅದು ‘ಗಿಡ’. ನಾವು ಅದರ ಮೇಲೆ ಮನೆಯ ಚಿತ್ರ ಅಂಟಿಸಿದೆವು. ಮಗ ‘ಮನಿ’ ಅಂದರೂ ನಡೆಯುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಅಕ್ಷರವನ್ನೂ ಕೆಳಗಿನ ಪದವನ್ನೂ ಕೈಯಿಂದ ಮುಚ್ಚಿ, ‘ಇದೇನು?’ ಅಂತ ಮಗುವನ್ನು ಕೇಳಿ. ಹತ್ತು ಚಿತ್ರದಲ್ಲಿ ಮೂರು ನಾಲ್ಕು ತಪ್ಪಿದರೆ ಆ ಚಾರ್ಟ್ ಬೇಡ. ಠ, ಢ, ಧ, ಷ ಇವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಇವಕ್ಕೆ ಮಕ್ಕಳು ಬಲ್ಲ ಪದ ಸಿಗುವುದೇ ಕಷ್ಟ. ಅವನ್ನು ಆಕಾರ ನೋಡಿಯೇ ಕಲಿಯಬೇಕು.

ಐದೈದು ಮನೆಯ ಜೋಡಣೆ ನೆರವಿಗೆ ಬರುವುದು ಆಗಲೇ. ಕ ಇಂದ ಮ ವರೆಗಿನ 25 ಅಕ್ಷರ ಐದು ಸಾಲಿನಲ್ಲಿ ಸರಿಯಾಗಿ ಕೂರುತ್ತವೆ. ಎರಡನೇ ಮತ್ತು ನಾಲ್ಕನೇ ಕಂಬದಲ್ಲಿ ಬರೀ ಮಹಾಪ್ರಾಣ. ಮಗಳು ಬೆರಳಿಟ್ಟು ಮೇಲಿಂದ ಕೆಳಗೆ ಘ, ಝ, ಢ, ಧ, ಭ ಅಂತ ಜೋರಾಗಿ ಉಸಿರು ಬಿಟ್ಟು ಓದುತ್ತಿದ್ದಳು. ಸಾಲಿಗೆ ಆರೋ ಏಳೋ ಮನೆ ಇರುವ ಚಾರ್ಟಿನಲ್ಲಿ ಈ ಕಂಬ ಸಿಗುವುದಿಲ್ಲ. ಇದೇ ಲೆಕ್ಕದಿಂದ ಸ್ವರಗಳಲ್ಲಿ ಒಂದು ತೊಡಕಾಗಿದೆ. ‘ಉ’ ಮೊದಲ ಸಾಲಿನ ಕೊನೆಗೆ, ‘ಊ’ ಎರಡನೇ ಸಾಲಿನ ಮೊದಲಿಗೆ ಹೋಗಿ ಜೋಡಿ ಒಡೆದಿದೆ.

ಮನೆಗಳೆಲ್ಲ ಒಂದೇ ಅಳತೆ, ಅಕ್ಷರಗಳೂ ಒಂದೇ ಅಳತೆ. ಈ ಎರಡನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಹಳೆಯ ಚಾರ್ಟಿನಲ್ಲಿ ಮನೆ ತುಂಬಲಿ ಅಂತ ‘ರ’ವನ್ನು ಉಬ್ಬಿಸಿ, ಅಗಲವಾದ ‘ಝ’ವನ್ನು ಒತ್ತಿ ಕೂರಿಸಿದ್ದರು. ಇಲ್ಲಿ ‘ರ’ದ ಸುತ್ತ ಜಾಗ ಖಾಲಿ ಉಳಿದಿದೆ, ‘ಝ’ ತನ್ನ ಪೂರ್ತಿ ಅಗಲಕ್ಕೆ ಹರಡಿದೆ. ‘ರ’ದೊಳಗೆ ಚುಕ್ಕಿ ಇಟ್ಟರೆ ‘ಠ’ ಅಂತ ಮಗಳು ತಾನೇ ಕಂಡುಕೊಂಡಳು. ಎರಡೂ ಒಂದೇ ಗಾತ್ರ ಇದ್ದದ್ದಕ್ಕೇ ಅದು ಕಂಡಿತು. ದ ಮತ್ತು ಧ ಅಕ್ಕಪಕ್ಕ ಇವೆ. ‘ಧ’ದ ಹೊಟ್ಟೆಸೀಳು ದಪ್ಪಗೆ, ಉದ್ದಗೆ ಇದ್ದು ಬಾಗಿಲ ಹತ್ತಿರ ನಿಂತರೂ ಕಾಣುತ್ತದೆ. ಅಲಂಕಾರದ ಅಕ್ಷರಗಳಲ್ಲಿ ಈ ಸೀಳು ಮುಚ್ಚಿಹೋಗುತ್ತದೆ, ಆಗ ಮಗುವಿಗೆ ದ ಯಾವುದು, ಧ ಯಾವುದು ಗೊತ್ತಾಗುವುದಿಲ್ಲ. ಪ ಮತ್ತು ಷ, ವ ಮತ್ತು ಮ ಕೂಡ ಹೀಗೇ ನೋಡಿ ಕೊಳ್ಳಿ.

ವರ್ಣಮಾಲೆಯ 49 ಅಕ್ಷರ ಮುಗಿದ ಮೇಲೆ ಐವತ್ತನೇ ಮನೆಗೆ ‘ಕ್ಷ’ ಹಾಕಿದ್ದಾರೆ. ಅದು ಒತ್ತಕ್ಷರ, ಖಾಲಿ ಬಿಟ್ಟಿದ್ದರೆ ಚೆನ್ನಾಗಿತ್ತು. ಹೊಳಪಿನ ಲ್ಯಾಮಿನೇಷನ್ ಇನ್ನೊಂದು ಕೊರತೆ. ಕಿಟಕಿಯ ಎದುರು ಹಾಕಿದಾಗ ಬಿಸಿಲು ಬಡಿದು ಮಧ್ಯದ ಸಾಲುಗಳೇ ಕಾಣುತ್ತಿರಲಿಲ್ಲ. ಕಿಟಕಿ ಇರುವ ಗೋಡೆಗೇ ಹಾಕಿದ ಮೇಲೆ ಸರಿಹೋಯಿತು. ನಮ್ಮ ಮಳೆಗಾಲದ ಥಂಡಿಗೆ ಕೆಳಗಿನ ಅಂಚು ಸ್ವಲ್ಪ ಬಿಟ್ಟುಕೊಂಡಿದೆ, ಬಣ್ಣ ಮಾತ್ರ ಮಾಸಿಲ್ಲ. ನಡುವಿನ ಸಾಲು ಮಗುವಿನ ಕಣ್ಣಿನ ಎತ್ತರಕ್ಕೆ ಬರುವಂತೆ ಹಾಕಿ. ಬೆರಳು ಮುಟ್ಟದ ಎತ್ತರಕ್ಕೆ ಹಾಕಿದರೆ ಮೇಲಿನ ಸ್ವರಗಳನ್ನು ಮಕ್ಕಳು ಬಿಟ್ಟೇಬಿಡುತ್ತಾರೆ.